ತಡವಾಗಿ ಮೈನೆರೆಯುವ ಓಟಗಾರ್ತಿಯ ಎತ್ತರ

(ದಾವಣಗೆರೆಯಲ್ಲಿ ಪ್ರೌಢಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಪೋಷಕರ ಎದುರು ಮಕ್ಕಳ ವೈದ್ಯೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಗೆ ಮುನ್ನ ಸಂಘಟಕರು ಪೋಷಕರಿಂದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡು ನನಗೆ ಕೊಟ್ಟಿದ್ದಾರೆ. ಓದಿ ನೋಡಿದರೆ ಹೆಚ್ಚಿನವು ಎರಡೇ ಬಗೆಯವು. ‘ಮಗಳು ದಿನಾ ಎರಡು ಹೊತ್ತು ಓಡುತ್ತಾಳೆ, ಹದಿನಾಲ್ಕು ತುಂಬಿದರೂ ದೊಡ್ಡವಳಾಗಿಲ್ಲ, ಹೀಗೇ ಕುಳ್ಳಿಯಾಗಿ ಉಳಿದುಬಿಡುತ್ತಾಳೆಯೇ’ ಎಂಬುದು ಒಂದು. ‘ಮೈನೆರೆಯುವುದು ತಡವಾದಷ್ಟೂ ಹುಡುಗಿ ಎತ್ತರವಾಗುತ್ತಾಳಂತೆ, ಹಾಗಿದ್ದರೆ ಚಿಂತೆ ಏಕೆ’ ಎಂಬುದು ಇನ್ನೊಂದು. ಒಂದಕ್ಕೊಂದು ವಿರುದ್ಧವಾಗಿ ಕಾಣುವ ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಉಳಿದ ಅರ್ಧ ಎಲ್ಲಿದೆ ಎಂಬುದನ್ನು ತಿಳಿಯಲು ಎಲುಬು ಉದ್ದವಾಗುವ ಬಗೆಯಿಂದಲೇ ಆರಂಭಿಸಬೇಕಾಗುತ್ತದೆ.

ತೊಡೆ, ಮೊಣಕಾಲಿನ ಕೆಳಗು, ಮುಂಗೈ ಇವುಗಳ ಉದ್ದನೆಯ ಎಲುಬುಗಳ ತುದಿಗಳ ಬಳಿ ಮೃದ್ವಸ್ಥಿಯ ತೆಳುವಾದ ಒಂದೊಂದು ಪದರವಿರುತ್ತದೆ. ಅದನ್ನು ಗ್ರೋತ್ ಪ್ಲೇಟ್ ಎನ್ನುತ್ತೇವೆ. ಎಲುಬು ಉದ್ದವಾಗುವುದು ಅಲ್ಲಿ ಮಾತ್ರ. ಹುಡುಗಿಯರಲ್ಲಿ ಎದೆ ಮೂಡುವ ಮೊದಲಿನ ವರ್ಷಗಳಲ್ಲಿ ಎತ್ತರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಹೆಚ್ಚುತ್ತದೆ. ಅಂಡಾಶಯದಿಂದ ಈಸ್ಟ್ರೋಜೆನ್ ಸ್ರವಿಸಲು ಆರಂಭವಾದಾಗ, ಮೊದಮೊದಲಿನ ಅಲ್ಪ ಪ್ರಮಾಣವು ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಿಸಿ, ವರ್ಷಕ್ಕೆ 8 ಸೆಂಟಿಮೀಟರ್‌ನಷ್ಟು ವೇಗ ತರುತ್ತದೆ. ಅದೇ ಈಸ್ಟ್ರೋಜೆನ್ ಪ್ರಮಾಣ ಏರುತ್ತಾ ಹೋದಂತೆ ಆ ಮೃದ್ವಸ್ಥಿಯನ್ನು ಮುಗಿಸಿ, ಎಲುಬಿನ ತುದಿಯನ್ನು ಬೆಸೆದುಬಿಡುತ್ತದೆ. ಮೊದಲ ಮುಟ್ಟು ಬರುವ ಹೊತ್ತಿಗೆ ಎತ್ತರದ ಜಿಗಿತ ಹೆಚ್ಚುಕಡಿಮೆ ಮುಗಿದಿರುತ್ತದೆ; ಆಮೇಲೆ ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್ ಮಾತ್ರ ಬಾಕಿ ಉಳಿಯುತ್ತದೆ. ಎತ್ತರ ಕೊಡುವುದೂ ಅದನ್ನು ನಿಲ್ಲಿಸುವುದೂ ಒಂದೇ ಹಾರ್ಮೋನು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಮಾತೆಲ್ಲ ಸುಲಭವಾಗುತ್ತದೆ.

ಮೈನೆರೆಯುವಿಕೆ ತಡವಾಗಿದೆ ಎಂದು ನಾವು ಹೇಳುವುದು ಯಾವಾಗ? 13 ವರ್ಷ ತುಂಬಿದರೂ ಎದೆಯ ಬೆಳವಣಿಗೆ ಆರಂಭವಾಗದಿದ್ದರೆ, ಅಥವಾ 15 ತುಂಬಿದರೂ ಮುಟ್ಟು ಬರದಿದ್ದರೆ, ಅಥವಾ ಎದೆ ಮೂಡಿ ಮೂರು ವರ್ಷ ಕಳೆದರೂ ಮುಟ್ಟು ಕಾಣಿಸದಿದ್ದರೆ. ನಮ್ಮ ಕಡೆ ತಾಯಂದಿರು ಮುಟ್ಟಿನ ದಿನವನ್ನಷ್ಟೇ ಲೆಕ್ಕ ಹಿಡಿಯುತ್ತಾರೆ. ವೈದ್ಯರಿಗೆ ಅದಕ್ಕಿಂತ ಎರಡು ವರ್ಷ ಹಿಂದಿನ, ಎದೆ ಮೂಡಿದ ಕಾಲವೇ ಹೆಚ್ಚು ಮುಖ್ಯ. ಅದನ್ನು ಕೇಳಿದರೆ ಸಂಕೋಚಪಡದೆ ಹೇಳಿ.

ತೂಕ ಕಡಿಮೆಯಿರುವ, ಇಲ್ಲವೇ ಕಠಿಣ ತಾಲೀಮು ಮಾಡುವ ಹುಡುಗಿಯಲ್ಲಿ ಇದು ತಡವಾಗುವುದೇಕೆ ಎಂಬುದಕ್ಕೆ ಹಿಂದೆ ಒಂದು ಸರಳ ಉತ್ತರವಿತ್ತು. ಅಮೆರಿಕದ ರೋಸ್ ಫ್ರಿಶ್ ಎಂಬ ಸಂಶೋಧಕಿ 1970ರ ದಶಕದಲ್ಲಿ, ಮೈಯಲ್ಲಿ ಶೇಕಡಾ 17ರಷ್ಟು ಕೊಬ್ಬು ಸೇರದ ಹೊರತು ಮುಟ್ಟು ಆರಂಭವಾಗದು ಎಂದು ವಾದಿಸಿದರು. ಆ ಗಡಿಸಂಖ್ಯೆ ಈಗ ಉಳಿದಿಲ್ಲ. ಅದಕ್ಕಿಂತ ಕಡಿಮೆ ಕೊಬ್ಬಿದ್ದೂ ಮುಟ್ಟಾಗುವವರಿದ್ದಾರೆ, ಹೆಚ್ಚು ಕೊಬ್ಬಿದ್ದೂ ಆಗದವರಿದ್ದಾರೆ. ಆದರೆ ಅದರ ಒಳಗಿನ ಎಣಿಕೆ ಪೂರ್ತಿ ತಪ್ಪಲ್ಲ. ಕೊಬ್ಬಿನ ಜೀವಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನು ದೇಹದಲ್ಲಿ ಶಕ್ತಿಯ ದಾಸ್ತಾನು ಎಷ್ಟಿದೆ ಎಂಬುದನ್ನು ಮಿದುಳಿನ ಹೈಪೊಥಲಾಮಸ್‌ಗೆ ತಿಳಿಸುತ್ತದೆ. ದಾಸ್ತಾನು ಸಾಲದೆಂದು ತಿಳಿದಾಗ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಬಿಟ್ಟುಬಿಟ್ಟು ಕಳಿಸಬೇಕಾದ ಸೂಚನೆಗಳನ್ನು ಕಡಿಮೆ ಮಾಡುತ್ತದೆ. ಪಿಟ್ಯುಟರಿ ಅಂಡಾಶಯವನ್ನು ಎಬ್ಬಿಸುವುದಿಲ್ಲ. ಅಂಡಾಶಯದಲ್ಲಿ ಯಾವ ದೋಷವೂ ಇರುವುದಿಲ್ಲ, ಅದಕ್ಕೆ ಕರೆ ಬಂದಿರುವುದಿಲ್ಲ, ಅಷ್ಟೆ.

ಇಲ್ಲಿ ತೂಕದ ಯಂತ್ರ ತೋರಿಸುವ ಸಂಖ್ಯೆಗಿಂತ ಇನ್ನೊಂದು ಲೆಕ್ಕ ಹೆಚ್ಚು ಉಪಯುಕ್ತ. ಹುಡುಗಿ ದಿನಕ್ಕೆ ತಿನ್ನುವ ಕ್ಯಾಲೊರಿಯಲ್ಲಿ ತಾಲೀಮಿಗೆ ಖರ್ಚಾದುದನ್ನು ಕಳೆಯಿರಿ. ಉಳಿದುದನ್ನು ಅವಳ ಕೊಬ್ಬುರಹಿತ ತೂಕದಿಂದ ಭಾಗಿಸಿ. ಉಸಿರಾಟ, ಹೃದಯ, ಬೆಳವಣಿಗೆ, ಮೈನೆರೆಯುವಿಕೆ ಇವೆಲ್ಲಕ್ಕೂ ಮಿಕ್ಕಿರುವುದು ಅಷ್ಟೇ. ವಯಸ್ಕ ಹೆಂಗಸರಲ್ಲಿ ಇದು ಕಿಲೋಗೆ 45ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 30ಕ್ಕಿಂತ ಕೆಳಗಿಳಿದರೆ ಕೆಲವೇ ದಿನಗಳಲ್ಲಿ ಪಿಟ್ಯುಟರಿಯ ಲಯ ಕೆಡುವುದನ್ನು ಪ್ರಯೋಗಗಳಲ್ಲಿ ತೋರಿಸಲಾಗಿದೆ. ಬೆಳೆಯುವ ಹುಡುಗಿಗೆ 30 ಎಂಬುದು ಸುರಕ್ಷಿತ ಗೆರೆಯೆಂದು ಭಾವಿಸಬೇಡಿ. ಅವಳು ಬದುಕುವುದರ ಜೊತೆಗೆ ಬೆಳೆಯಲೂ ಬೇಕು.

ತಾಲೀಮೇ ಮೈನೆರೆಯುವಿಕೆಯನ್ನು ಮುಂದೂಡುತ್ತದೆಯೇ ಎಂಬುದರ ಬಗ್ಗೆ ಸ್ವಲ್ಪ ಎಚ್ಚರಿಕೆಯಿಂದ ಮಾತಾಡಬೇಕು. ಮುಟ್ಟಾಗುವ ಮೊದಲು ತಾಲೀಮು ಮಾಡಿದ ಪ್ರತಿ ವರ್ಷಕ್ಕೆ ಸುಮಾರು ಐದು ತಿಂಗಳಂತೆ ಮೊದಲ ಮುಟ್ಟು ಹಿಂದೆ ಸರಿದಿತ್ತು ಎಂದು ಫ್ರಿಶ್ ಮತ್ತು ಸಂಗಡಿಗರು 1981ರಲ್ಲಿ ವರದಿ ಮಾಡಿದರು. ಈ ಲೆಕ್ಕವನ್ನು ಇಂದಿಗೂ ಅನೇಕರು ಹೇಳುತ್ತಾರೆ. ಆದರೆ ತಡವಾಗಿ ಬೆಳೆಯುವ, ಸಣಕಲು ಮೈಯ, ಉದ್ದ ಕಾಲಿನ ಹುಡುಗಿಯೇ ದೂರದ ಓಟದಲ್ಲಿ ಗೆಲ್ಲುತ್ತಾಳೆ, ಕೋಚ್ ಅವಳನ್ನೇ ಆರಿಸುತ್ತಾರೆ. ಬೇಗ ಮೈತುಂಬಿಕೊಂಡವಳು ತಾನಾಗಿಯೇ ಬಿಟ್ಟು ಹೋಗುತ್ತಾಳೆ. ಹೀಗಾಗಿ ತಂಡದಲ್ಲಿ ಉಳಿದವರೆಲ್ಲ ತಡವಾದವರೇ ಆಗಿರುವುದು ತಾಲೀಮಿನ ಪರಿಣಾಮವೋ ಆಯ್ಕೆಯ ಪರಿಣಾಮವೋ ಎಂದು ಬಿಡಿಸುವುದು ಕಷ್ಟ. ತಾಯಿಗೆ ಹದಿನೈದಕ್ಕೆ ಮುಟ್ಟಾಗಿದ್ದರೆ ಮಗಳಿಗೂ ಹಾಗೆಯೇ ಆಗುವ ಸಾಧ್ಯತೆಯಿದೆ. ಓಟದ ಮೇಲೆ ಅಪವಾದ ಹೊರಿಸುವ ಮೊದಲು ಅವ್ವನನ್ನು ಒಂದು ಮಾತು ಕೇಳಬೇಕು. ಹಾಗೆಂದು ತಾಲೀಮು ನಿರಪರಾಧಿಯೂ ಅಲ್ಲ. ಅಮೆರಿಕದ ವೈದ್ಯೆ ಮಿಷೆಲ್ ವಾರೆನ್ 1980ರಲ್ಲಿ ಬ್ಯಾಲೆ ನರ್ತಕಿಯರನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ಗಾಯದಿಂದಲೋ ರಜೆಯಿಂದಲೋ ತಾಲೀಮು ನಿಂತ ತಿಂಗಳುಗಳಲ್ಲಿ, ತೂಕ ಅಷ್ಟಾಗಿ ಏರದಿದ್ದರೂ, ಸ್ಥಗಿತಗೊಂಡಿದ್ದ ಬೆಳವಣಿಗೆ ತಟ್ಟನೆ ಮುಂದುವರಿದದ್ದು ಕಂಡುಬಂದಿತು. ತಾಲೀಮು ಬಳಸುವ ಶಕ್ತಿಗೂ ಮೈನೆರೆಯುವಿಕೆಗೂ ನೇರ ಸಂಬಂಧವಿದೆ ಎನ್ನಲು ನನಗೆ ಬಲವಾಗಿ ತೋರುವ ಸಾಕ್ಷ್ಯ ಇದೇ.

ಈಗ ಎತ್ತರದ ವಿಚಾರ. ಊಟ ಸಾಲದಾದಾಗ ದೇಹದಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗುವುದಿಲ್ಲ, ಹೆಚ್ಚಿಯೂ ಇರಬಹುದು. ಆದರೆ ಅದರ ಆಜ್ಞೆಯನ್ನು ಎಲುಬಿಗೆ ಮುಟ್ಟಿಸುವ ಐಜಿಎಫ್-1 ಎಂಬ ಅಂಶವನ್ನು ಯಕೃತ್ತು ತಯಾರಿಸುವುದು ಇಳಿಯುತ್ತದೆ, ಎತ್ತರ ಏರುವ ವೇಗ ತಗ್ಗುತ್ತದೆ. ಇದರ ಜೊತೆಗೆ ಈಸ್ಟ್ರೋಜೆನ್ ಇಲ್ಲದ ಕಾರಣ ಗ್ರೋತ್ ಪ್ಲೇಟ್ ಮುಚ್ಚುವುದೂ ಇಲ್ಲ. ಎಡಗೈಯ ಎಕ್ಸ್‌ರೇ ತೆಗೆದು ನೋಡಿದರೆ ಹದಿನಾಲ್ಕೂವರೆಯ ಹುಡುಗಿಯ ಮೂಳೆಯ ವಯಸ್ಸು ಹನ್ನೆರಡು ಎಂದು ಬರಬಹುದು. ಎಂದರೆ ಅವಳ ಎಲುಬಿಗೆ ಬೆಳೆಯಲು ಹನ್ನೆರಡರ ಹುಡುಗಿಗಿರುವಷ್ಟು ಅವಕಾಶ ಇನ್ನೂ ಉಳಿದಿದೆ. ಗೆಳತಿಯರ ಪಕ್ಕ ಕುಳ್ಳಗೆ ಕಾಣುವ ಅವಳು ಅಂತಿಮವಾಗಿಯೂ ಕುಳ್ಳಿಯಾಗಬೇಕೆಂದಿಲ್ಲ. ರಿದಮಿಕ್ ಜಿಮ್ನಾಸ್ಟ್‌ಗಳನ್ನು ವರ್ಷಗಟ್ಟಲೆ ಅಳೆದ ಗ್ರೀಸಿನ ಸಂಶೋಧಕರು, ಮೈನೆರೆಯುವಿಕೆ ತಡವಾದರೂ ಅವರು ಕೊನೆಗೆ ತಂದೆತಾಯಿಯ ಎತ್ತರದಿಂದ ನಿರೀಕ್ಷಿಸಿದಷ್ಟು ಬೆಳೆದುದನ್ನು ಕಂಡರು. ಆದರೆ 1993ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ, ಕಠಿಣ ತಾಲೀಮಿನ ಜಿಮ್ನಾಸ್ಟ್ ಹುಡುಗಿಯರ ನಿರೀಕ್ಷಿತ ಎತ್ತರ ಈಜುಗಾರ್ತಿಯರಿಗೆ ಹೋಲಿಸಿದರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗಿತ್ತು.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅಭಿಪ್ರಾಯ ಇಷ್ಟು: ತಡವಾಗುವುದು ಎತ್ತರವನ್ನು ಕದಿಯುವುದಿಲ್ಲ, ಹಸಿವು ಕದಿಯುತ್ತದೆ, ಅದೂ ಬಹಳ ಕಾಲ ನಡೆದರೆ. ಒಂದು ವರ್ಷದ ಕೊರತೆಯನ್ನು ದೇಹ ಸಾಮಾನ್ಯವಾಗಿ ತುಂಬಿಕೊಳ್ಳುತ್ತದೆ. ಮೈನೆರೆಯುವ ಮೊದಲೇ ಆರಂಭವಾಗಿ ಮೂರ್ನಾಲ್ಕು ವರ್ಷ ಎಳೆದ ಕೊರತೆ, ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಯಲ್ಲಿ ಆಗುವಂಥದ್ದು, ಪೂರ್ತಿ ತುಂಬದೆ ಉಳಿಯುವುದುಂಟು. ‘ತಡವಾದಷ್ಟೂ ಎತ್ತರ’ ಎಂಬ ಮಾತಿನ ಅರ್ಧ ಸತ್ಯವೂ ಇಲ್ಲೇ ಇದೆ. ಮೈನೆರೆಯುವ ಮುನ್ನ ಕಾಲುಗಳು ಬೆನ್ನಿಗಿಂತ ವೇಗವಾಗಿ ಬೆಳೆಯುತ್ತವೆ; ಬೆನ್ನುಮೂಳೆಯ ಕಂಬ ಹೆಚ್ಚಾಗಿ ಉದ್ದವಾಗುವುದು ಈಸ್ಟ್ರೋಜೆನ್ ಬಂದ ಮೇಲೆ. ತಡವಾದ, ಆದರೆ ಊಟಕ್ಕೆ ಕೊರತೆಯಿಲ್ಲದ ಹುಡುಗಿಗೆ ಕಾಲು ಸ್ವಲ್ಪ ಉದ್ದವಾಗುತ್ತದೆ, ಹೌದು. ಊಟವೇ ಸಾಲದವಳಿಗೆ ಆ ಲಾಭ ಸಿಗುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ಯಾವ ಒಬ್ಬ ಹುಡುಗಿಯ ಗುರುತೂ ಸಿಗದಂತೆ ಹಲವರ ವಿವರಗಳನ್ನು ಬೆರೆಸಿ ಇದನ್ನು ಕಟ್ಟಿದ್ದೇನೆ. ಚಳ್ಳಕೆರೆ ಕಡೆಯ ಹಳ್ಳಿಯ ಹುಡುಗಿ, ವಯಸ್ಸು ಹದಿನಾಲ್ಕೂವರೆ, 3000 ಮೀಟರ್ ಓಟದವಳು. ಎತ್ತರ 142 ಸೆಂಟಿಮೀಟರ್, ತೂಕ 31 ಕಿಲೋ. ಎದೆ ಮೂಡಿದ್ದು ಹದಿಮೂರಕ್ಕೆ, ಆಮೇಲೆ ಅಲ್ಲಿಗೇ ನಿಂತಿದೆ. ಶಾಲೆಯ ದಾಖಲೆಯಲ್ಲಿ ಹಿಂದಿನ ವರ್ಷದ ಅಳತೆ ಸಿಕ್ಕಿತು. ಒಂದು ವರ್ಷದಲ್ಲಿ ಬೆಳೆದದ್ದು 4 ಸೆಂಟಿಮೀಟರ್ ಮಾತ್ರ. ತಂದೆ 166, ತಾಯಿ 153. ಇಬ್ಬರ ಎತ್ತರ ಕೂಡಿಸಿ, 13 ಕಳೆದು, ಎರಡರಿಂದ ಭಾಗಿಸಿದರೆ ಹುಡುಗಿಯಿಂದ ನಿರೀಕ್ಷಿಸಬಹುದಾದ ಎತ್ತರ 153. ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಹನ್ನೆರಡು. ಆ ಹಂತದಲ್ಲಿ ಹುಡುಗಿಯರು ಅಂತಿಮ ಎತ್ತರದ ಶೇಕಡಾ 92ರಷ್ಟನ್ನು ಮುಟ್ಟಿರುತ್ತಾರೆ. ಆ ಲೆಕ್ಕದಲ್ಲಿ 142 ಸೆಂಟಿಮೀಟರ್ ಎಂದರೆ ಅಂತಿಮವಾಗಿ 154ರ ಆಸುಪಾಸು. ಎಂದರೆ ಅವಳ ಎತ್ತರ ಇನ್ನೂ ಕಳೆದುಹೋಗಿಲ್ಲ.

ಅವಳ ದಿನದ ಲೆಕ್ಕ ಹೀಗಿತ್ತು. ಬೆಳಗ್ಗೆ ಐದೂವರೆಗೆ ಬರೀ ಹೊಟ್ಟೆಯಲ್ಲಿ ಓಟ, ಮನೆಗೆ ಬಂದು ಚಹಾ, ಸಿಕ್ಕರೆ ಎರಡು ಹಿಡಿ ಮಂಡಕ್ಕಿ. ಮಧ್ಯಾಹ್ನ ಶಾಲೆಯ ಬಿಸಿಯೂಟ. ಸಂಜೆ ಮತ್ತೆ ಓಟ. ರಾತ್ರಿ ಅರ್ಧ ಮುದ್ದೆ, ಸಾರು. ‘ಹೊಟ್ಟೆ ಭಾರವಾದರೆ ಬೆಳಗ್ಗೆ ಓಡಲಾಗದು’ ಎಂದು ಉಳಿದರ್ಧ ಬಿಟ್ಟೇಳುತ್ತಿದ್ದಳು. ಎಲ್ಲ ಸೇರಿ ಸುಮಾರು 1350 ಕ್ಯಾಲೊರಿ. ಎರಡು ಹೊತ್ತಿನ 12 ಕಿಲೋಮೀಟರ್ ಓಟ, ಅದರ ಜೊತೆಗಿನ ವ್ಯಾಯಾಮ ಸೇರಿ ಖರ್ಚು 550. ಉಳಿದದ್ದು 800. ಅವಳ ಕೊಬ್ಬುರಹಿತ ತೂಕ ಸುಮಾರು 27 ಕಿಲೋ. ಭಾಗಿಸಿದರೆ 30ಕ್ಕಿಂತ ಸ್ವಲ್ಪ ಕಡಿಮೆ. ಬಡತನ ಇಲ್ಲಿ ಪೂರ್ತಿ ಕಾರಣವಲ್ಲ ಎಂಬುದನ್ನು ಗಮನಿಸಿ. ಆ ಮನೆಯ ಅಟ್ಟದ ಮೇಲೆ ಶೇಂಗಾ ಚೀಲಗಳಿದ್ದವು.

ತಡಕ್ಕೆ ಬೇರೆ ಕಾರಣವಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಮುಂದಿನ ಹೆಜ್ಜೆ. ತಪ್ಪು ಹೆಚ್ಚಾಗಿ ಆಗುವುದು ಇಲ್ಲಿಯೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ‘ಓಡುವ ಹುಡುಗಿ, ಸಣಕಲು, ಅದಕ್ಕೇ ತಡ’ ಎಂಬ ವಿವರಣೆ ಎಷ್ಟು ಸಲೀಸಾಗಿ ಒಪ್ಪಿಗೆಯಾಗುತ್ತದೆಂದರೆ ಅದರ ಹಿಂದೆ ಇರಬಹುದಾದ ಕಾಯಿಲೆಯನ್ನು ಯಾರೂ ಹುಡುಕುವುದಿಲ್ಲ. ಎಫ್‌ಎಸ್‌ಎಚ್ ಎಂಬ, ಪಿಟ್ಯುಟರಿಯು ಅಂಡಾಶಯವನ್ನು ಎಬ್ಬಿಸಲು ಕಳಿಸುವ ಹಾರ್ಮೋನಿನ ರಕ್ತಪರೀಕ್ಷೆ ಇಲ್ಲಿ ದಾರಿ ತೋರಿಸುತ್ತದೆ. ಶಕ್ತಿಯ ಕೊರತೆಯಿಂದ ತಡವಾಗಿದ್ದರೆ ಪಿಟ್ಯುಟರಿಯೇ ಮೌನವಾಗಿರುವುದರಿಂದ ಅದು ಕಡಿಮೆ, ಇಲ್ಲವೇ ಸಾಧಾರಣವಾಗಿರುತ್ತದೆ. ಅದು ಏರಿದ್ದರೆ ಪಿಟ್ಯುಟರಿ ಕೂಗುತ್ತಿದೆ, ಅಂಡಾಶಯ ಓಗೊಡುತ್ತಿಲ್ಲ ಎಂದರ್ಥ. ಹೆಣ್ಣುಮಕ್ಕಳಲ್ಲಿ ಎರಡರಿಂದ ಎರಡೂವರೆ ಸಾವಿರಕ್ಕೆ ಒಬ್ಬರಲ್ಲಿ ಕಾಣುವ ಟರ್ನರ್ ಸಿಂಡ್ರೋಮ್‌ನಲ್ಲಿ ಹೀಗಾಗುತ್ತದೆ: ಒಂದು ಎಕ್ಸ್ ವರ್ಣತಂತು ಪೂರ್ತಿಯಾಗಿಯೋ ಭಾಗಶಃವೋ ಇರುವುದಿಲ್ಲ, ಹುಡುಗಿ ಕುಳ್ಳಗಿರುತ್ತಾಳೆ, ಸಾಮಾನ್ಯವಾಗಿ ತಾನಾಗಿ ಮೈನೆರೆಯುವುದಿಲ್ಲ. ಅವಳಿಗೆ ಬೆಳವಣಿಗೆಯ ಹಾರ್ಮೋನು ಕೊಟ್ಟು ಎತ್ತರ ಹೆಚ್ಚಿಸಬಹುದು, ಆದರೆ ಬೇಗ ಪತ್ತೆಯಾದರೆ ಮಾತ್ರ. ಶೇಂಗಾ ತಿನ್ನಿಸುತ್ತಾ ಎರಡು ವರ್ಷ ಕಳೆದರೆ ಆ ಅವಕಾಶ ಕೈತಪ್ಪುತ್ತದೆ. ಇದರ ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, ರಕ್ತಹೀನತೆ ಹಾಗೂ ಗೋಧಿ ಒಗ್ಗದ ಸಿಲಿಯಾಕ್ ಕಾಯಿಲೆಯ ಪರೀಕ್ಷೆಗಳನ್ನೂ ಮಾಡಿಸುತ್ತೇವೆ. ನಮ್ಮ ಉದಾಹರಣೆಯ ಹುಡುಗಿಗೆ ಎಫ್‌ಎಸ್‌ಎಚ್ ಕಡಿಮೆ ಇತ್ತು, ಹಿಮೋಗ್ಲೋಬಿನ್ ಸ್ವಲ್ಪ ಇಳಿದಿತ್ತು, ಉಳಿದವೆಲ್ಲ ಸರಿಯಿದ್ದವು.

ಚಿಕಿತ್ಸೆಯಲ್ಲಿ ಔಷಧಿಯೆಂದು ಇದ್ದದ್ದು ಕಬ್ಬಿಣದ ಮಾತ್ರೆ ಒಂದೇ. ಸಂಜೆಯ ಓಟವನ್ನು ವಾರದಲ್ಲಿ ಎರಡೇ ದಿನಕ್ಕೆ ಇಳಿಸಲಾಯಿತು, ತಾಲೀಮಿನ ಸರಾಸರಿ ಖರ್ಚು ದಿನಕ್ಕೆ 300ರ ಹತ್ತಿರ ಬಂತು. ಬೆಳಗ್ಗೆ ಓಟ ಮುಗಿದ ಅರ್ಧ ಗಂಟೆಯೊಳಗೆ 50 ಗ್ರಾಂ ಹುರಿದ ಶೇಂಗಾ, ಒಂದು ಲೋಟ ಹಾಲು. ಇವೆರಡರಿಂದಲೇ 400 ಕ್ಯಾಲೊರಿ ಸೇರುತ್ತದೆ. ಈಗ ಲೆಕ್ಕ 1750ರಲ್ಲಿ 300 ಕಳೆದು 1450; ಕೊಬ್ಬುರಹಿತ ತೂಕದ ಕಿಲೋಗೆ 50 ದಾಟಿತು. ರಾತ್ರಿಯ ಅರ್ಧ ಮುದ್ದೆಯ ಗೋಜಿಗೆ ನಾವು ಹೋಗಲಿಲ್ಲ. ಬೆಳೆಯುವ ಮಕ್ಕಳಿಗೆ ಇರುವ ಊಟವನ್ನು ಬಲವಂತವಾಗಿ ಹೆಚ್ಚಿಸುವುದಕ್ಕಿಂತ ಇಲ್ಲದ ಹೊತ್ತಿನಲ್ಲಿ ಹೊಸದೊಂದನ್ನು ಸೇರಿಸುವುದು ಸುಲಭ ಎಂಬುದು ನನ್ನ ಅನುಭವ.

ಮೊದಲು ಏರುವುದು ತೂಕ, ಎತ್ತರವಲ್ಲ. ಮೂರು ತಿಂಗಳಾದರೂ ಎತ್ತರ ಏರಲಿಲ್ಲವೆಂದು ಅನೇಕ ತಂದೆತಾಯಿಯರು ಇಲ್ಲಿಯೇ ಕೈಬಿಡುತ್ತಾರೆ, ಅಂಗಡಿಯ ಹೈಟ್ ಪೌಡರ್ ತರುತ್ತಾರೆ. ನಮ್ಮ ಹುಡುಗಿಯ ತೂಕ ಆರು ತಿಂಗಳಲ್ಲಿ 31ರಿಂದ 35ಕ್ಕೆ ಬಂತು, ಎತ್ತರ ಎರಡೂವರೆ ಸೆಂಟಿಮೀಟರ್ ಮಾತ್ರ. ಎದೆಯ ಬೆಳವಣಿಗೆ ಮುಂದಿನ ಹಂತಕ್ಕೆ ಹೋದದ್ದೇ ಅಲ್ಲಿ ಒಳ್ಳೆಯ ಸೂಚನೆ. ಆಮೇಲಿನ ಒಂಬತ್ತು ತಿಂಗಳಲ್ಲಿ ನಾಲ್ಕೂವರೆ ಸೆಂಟಿಮೀಟರ್ ಬೆಳೆದಳು. ಹದಿನೈದು ವರ್ಷ ಒಂಬತ್ತು ತಿಂಗಳಿಗೆ, 149 ಸೆಂಟಿಮೀಟರ್ ಇದ್ದಾಗ ಮೈನೆರೆದಳು. ಬೆಳವಣಿಗೆ ನಿಂತಾಗ 153 ದಾಟಿತ್ತು.

ಇದೇ ಹುಡುಗಿಗೆ ‘ಮುಟ್ಟು ಬರುವ ಮಾತ್ರೆ’ ಕೊಟ್ಟಿದ್ದರೆ ಏನಾಗುತ್ತಿತ್ತು? ಹೀಗೆ ಕೊಡುವುದು ಅಪರೂಪವಲ್ಲ. ನೆಂಟರ ಒತ್ತಾಯಕ್ಕೆ ಮಣಿದು ತಾಯಂದಿರೇ ಕೇಳಿ ಪಡೆಯುತ್ತಾರೆ. ಗರ್ಭನಿರೋಧಕ ಮಾತ್ರೆಯಲ್ಲಿರುವ ಈಸ್ಟ್ರೋಜೆನ್ ಪ್ರಮಾಣ ವಯಸ್ಕ ಹೆಂಗಸಿಗೆ ಹೊಂದುವಂಥದ್ದು. ತಿಂಗಳಿಗೊಮ್ಮೆ ರಕ್ತ ಹೋಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ, ಆದರೆ ಹೈಪೊಥಲಾಮಸ್ ಮಲಗಿದ್ದಲ್ಲೇ ಮಲಗಿರುತ್ತದೆ. ಮಾತ್ರೆ ನಿಲ್ಲಿಸಿದರೆ ಮುಟ್ಟೂ ನಿಲ್ಲುತ್ತದೆ. ಈ ನಡುವೆ ಮೂಳೆಯ ವಯಸ್ಸು ಹನ್ನೆರಡರಿಂದ ಬೇಗಬೇಗ ಮುಂದೆ ಓಡಿ, ಗ್ರೋತ್ ಪ್ಲೇಟ್ ಬೆಸೆದು, ಬಾಕಿಯಿದ್ದ ಹನ್ನೊಂದು ಸೆಂಟಿಮೀಟರ್‌ನಲ್ಲಿ ಒಂದು ಪಾಲು ಕೈತಪ್ಪಬಹುದು. ಎಲುಬಿನ ಗಟ್ಟಿತನಕ್ಕೂ ಆ ಮಾತ್ರೆಯಿಂದ ನೆರವಿಲ್ಲ. ಆರರಿಂದ ಹನ್ನೆರಡು ತಿಂಗಳು ಊಟ ಹೆಚ್ಚಿಸಿ, ತಾಲೀಮು ಇಳಿಸಿದರೂ ಏನೂ ಕದಲದಿದ್ದರೆ ನಾವು ಈಸ್ಟ್ರೋಜೆನ್ ಕೊಡುವುದುಂಟು. ಆದರೆ ಅದು ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ, ತೀರಾ ಅಲ್ಪ ಪ್ರಮಾಣದಿಂದ ಆರಂಭಿಸಿ, ಸಹಜ ಮೈನೆರೆಯುವಿಕೆಯ ನಡೆಯಂತೆಯೇ ನಿಧಾನವಾಗಿ ಏರಿಸುತ್ತಾ ಹೋಗುವಂಥದ್ದು.

ಎಲುಬಿನ ಮಾತು ಬಂದದ್ದರಿಂದ ಹೇಳುತ್ತೇನೆ: ಎತ್ತರಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಅದೇ. ಬದುಕಿಡೀ ಬಳಸಬೇಕಾದ ಎಲುಬಿನ ಸಾಂದ್ರತೆಯ ದೊಡ್ಡ ಪಾಲು ಮೈನೆರೆಯುವ ಸುತ್ತಿನ ಕೆಲವೇ ವರ್ಷಗಳಲ್ಲಿ ಕೂಡಿಕೊಳ್ಳುತ್ತದೆ. ಎತ್ತರದ ಬಾಕಿಯನ್ನು ಹದಿನೇಳರವರೆಗೂ ತೀರಿಸಬಹುದು, ಸಾಂದ್ರತೆಯ ಬಾಕಿ ಅಷ್ಟು ಸುಲಭವಾಗಿ ತೀರುವುದಿಲ್ಲ. ಬ್ಯಾಲೆ ನರ್ತಕಿಯರಲ್ಲಿ ಮೊದಲ ಮುಟ್ಟು ತಡವಾದವರಿಗೆ ಬೆನ್ನುಮೂಳೆ ಓರೆಯಾಗುವುದೂ ಎಲುಬಿನಲ್ಲಿ ಬಿರುಕು ಬಿಡುವುದೂ ಹೆಚ್ಚು ಎಂಬುದನ್ನು ವಾರೆನ್ ಅವರೇ 1986ರಲ್ಲಿ ತೋರಿಸಿದರು. ಮೊಣಕಾಲ ಕೆಳಗಿನ ಎಲುಬಿನಲ್ಲಿ ಬೆರಳೂರಿದ ಒಂದೇ ಜಾಗದಲ್ಲಿ ನೋವು, ಓಡಿದರೆ ಹೆಚ್ಚು, ಕೂತರೆ ಕಡಿಮೆ ಎಂದು ಓಟಗಾರ್ತಿ ಹೇಳಿದರೆ, ಅದನ್ನು ಸ್ನಾಯುನೋವೆಂದು ಎಣ್ಣೆ ತಿಕ್ಕಿ ಮೈದಾನಕ್ಕೆ ಕಳಿಸಬೇಡಿ.

ಉಪನ್ಯಾಸದ ನಂತರ ಹರಿಹರದ ಕಡೆಯ ಒಬ್ಬ ಶಿಕ್ಷಕರು ಎದ್ದು, ‘ಮೇಡಂ, ಶಾಲೆಯಲ್ಲಿ ಎಕ್ಸ್‌ರೇ ಇಲ್ಲ, ರಕ್ತಪರೀಕ್ಷೆ ಇಲ್ಲ, ನಾವು ಏನನ್ನು ನೋಡಿ ತಿಳಿಯಬೇಕು’ ಎಂದು ಕೇಳಿದರು. ಗೋಡೆಗೆ ಅಂಟಿಸಿದ ಅಳತೆಪಟ್ಟಿ ಮತ್ತು ಒಂದು ನೋಟ್‌ಬುಕ್ ಸಾಕು ಎಂದು ನಾನು ಹೇಳಿದೆ. ಬೂಟು ಬಿಚ್ಚಿಸಿ, ಜಡೆಯ ಗಂಟು ತಲೆಯ ಮೇಲಿದ್ದರೆ ಇಳಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ಮೂರು ತಿಂಗಳಿಗೊಮ್ಮೆ ಒಂದೇ ಹೊತ್ತಿನಲ್ಲಿ ಅಳೆಯಿರಿ. ಬೆಳಗ್ಗೆ ಇದ್ದ ಎತ್ತರ ಸಂಜೆಗೆ ಒಂದು ಸೆಂಟಿಮೀಟರ್‌ವರೆಗೂ ಇಳಿಯಬಹುದು. ಒಂದು ಅಳತೆಯಿಂದ ಏನೂ ತಿಳಿಯುವುದಿಲ್ಲ. ಹನ್ನೆರಡರಿಂದ ಹದಿನಾಲ್ಕರ ನಡುವಿನ ಹುಡುಗಿ ಇನ್ನೂ ಮೈನೆರೆಯದೆ ವರ್ಷಕ್ಕೆ 4 ಸೆಂಟಿಮೀಟರ್‌ಗಿಂತ ಕಡಿಮೆ ಬೆಳೆದರೆ, ಅಥವಾ ಎತ್ತರ ಏರುತ್ತಿದ್ದರೂ ತೂಕ ನಿಂತಿದ್ದರೆ, 15 ತುಂಬಲೆಂದು ಕಾಯದೆ ವೈದ್ಯರ ಬಳಿ ಕಳಿಸಿ. ಆ ನೋಟ್‌ಬುಕ್ಕನ್ನೂ ಅವಳ ಕೈಯಲ್ಲಿ ಕೊಟ್ಟು ಕಳಿಸಿ.

ಹಾಗಾದರೆ ಓಟ ಬಿಡಿಸಬೇಕೇ ಎಂದು ಅದೇ ಶಿಕ್ಷಕರು ಮತ್ತೆ ಕೇಳಿದರು. ಎಲುಬಿನ ಬಿರುಕು ಇಲ್ಲದಿದ್ದರೆ ಬಿಡಿಸುವ ಅಗತ್ಯವಿಲ್ಲ. ಉದಾಹರಣೆಯ ಹುಡುಗಿಗೆ ತೂಕ ಏರಿ, ಎದೆಯ ಬೆಳವಣಿಗೆ ಮುಂದುವರಿದ ಮೇಲೆ ಸಂಜೆಯ ಓಟವನ್ನು ವಾರಕ್ಕೊಂದು ದಿನದಂತೆ ಮತ್ತೆ ಸೇರಿಸಿದೆವು, ಸೇರಿಸಿದ ಪ್ರತಿ ದಿನಕ್ಕೂ ಇನ್ನೊಂದು ಹಿಡಿ ಶೇಂಗಾ ಎಂಬ ಷರತ್ತಿನ ಮೇಲೆ.